ಒಂದು ಬಕೆಟ್ ಮಣ್ಣು, ಎಂಟು ಪುಟ

ನಮ್ಮ ವಿಭಾಗದ ಮುಖ್ಯಸ್ಥರು ಸಂಶೋಧನೆಯನ್ನು ಓದುವುದಿಲ್ಲ, ಎಣಿಸುತ್ತಾರೆ. ಹಾಗಾಗಿ ಕಳೆದ ವರ್ಷ ನಮ್ಮ ಕಿರಿಯ ಉಪನ್ಯಾಸಕನೊಬ್ಬನ ಎರಡು ಪುಟದ ವಿಸ್ತೃತ ಸಾರಾಂಶ ಒಂದು ಸಮ್ಮೇಳನಕ್ಕೆ ಆಯ್ಕೆಯಾದಾಗ ಅವರು ಆಡಿದ ಮೊದಲ ಮಾತು ಅಭಿನಂದನೆಯದಲ್ಲ. "ಎರಡೇ ಪೇಜಾ? ಪ್ರೊಸೀಡಿಂಗ್ಸ್‌ಗೆ ಆರರಿಂದ ಎಂಟು ಪೇಜ್ ಬೇಕಂತಲ್ರೀ. ಸೋಮವಾರದೊಳಗೆ ಎಂಟು ಮಾಡಿ" ಎಂದರು. ಅಂದು ಶುಕ್ರವಾರ.

ಹುಡುಗ ಎಂಟು ಮಾಡಿದ. ಅದೂ ಭಾನುವಾರ ಸಂಜೆಯೊಳಗೆ. ಮದುವೆಮನೆಯಲ್ಲಿ ಇನ್ನೊಂದು ಬಸ್ಸು ಬಂದು ನಿಂತರೆ ಅಡಿಗೆಭಟ್ಟರು ಸಾರಿನ ಹಂಡೆಗೆ ನೀರು ಸುರಿಯುತ್ತಾರಲ್ಲ, ಆ ಹದದಲ್ಲಿ. ಸೋಮವಾರ ಬೆಳಿಗ್ಗೆ "ಒಂದ್ಸಲ ಕಣ್ಣಾಡಿಸಿ ಸಾರ್" ಎಂದು ನನ್ನ ಮೇಜಿನ ಮೇಲಿಟ್ಟು ಹೋದ. ಕಣ್ಣಾಡಿಸುವುದಕ್ಕೆ ಅದರಲ್ಲಿ ಬೇಕಾದಷ್ಟು ಜಾಗವಿತ್ತು.

ಮೂಲ ಸಾರಾಂಶದ ವಿಷಯ ನಿಜಕ್ಕೂ ಚೆನ್ನಾಗಿತ್ತು. ಮಣ್ಣಿಗೆ ಚುಚ್ಚಿದರೆ ತೇವ ಹೇಳುವ ಅಗ್ಗದ ಸೆನ್ಸರ್ ಸಿಗುತ್ತದೆ, ಐಸ್‌ಕ್ಯಾಂಡಿ ಕಡ್ಡಿಯಂತಹ ಒಂದು ಪಟ್ಟಿ. ನೀರು ಮಣ್ಣಿನ ವಿದ್ಯುತ್ ಧಾರಣೆಯ ಗುಣವನ್ನು ಬದಲಿಸುತ್ತದೆ, ಅದನ್ನು ಪಟ್ಟಿ ವೋಲ್ಟೇಜಾಗಿ ಹೇಳುತ್ತದೆ. ಒಣಗಿದ್ದಾಗ ವೋಲ್ಟೇಜು ಹೆಚ್ಚು, ತೇವ ಏರಿದಂತೆ ಕಡಿಮೆ. ಆ ವೋಲ್ಟೇಜನ್ನು ತೇವದ ಪ್ರಮಾಣಕ್ಕೆ ಹೊಂದಿಸಿ ತೆಂಗಿನ ತೋಟದ ರೈತರಿಗೆ ಯಾವಾಗ ನೀರು ಬಿಡಬೇಕೆಂದು ಹೇಳುವುದು ಹುಡುಗನ ಕೆಲಸ. ಸಾರಾಂಶದ ಜೀವ ಒಂದೇ ವಾಕ್ಯದಲ್ಲಿತ್ತು: ಪ್ರಮಾಣಿತ ವಿಧಾನದೊಡನೆ ಹೋಲಿಸಿ 24 ಮಾದರಿಗಳ ಮೇಲೆ ಪರೀಕ್ಷಿಸಿದಾಗ ಶೇ 97 ನಿಖರತೆ ದೊರೆಯಿತು. ಈ ವಾಕ್ಯ ಆಗಲೇ ಕಾಲೇಜಿನ ಗೇಟಿನ ಬಳಿ ಫ್ಲೆಕ್ಸ್ ಆಗಿ ನೇತಾಡುತ್ತಿತ್ತು. ಹುಡುಗನ ಫೋಟೊ ಸಣ್ಣದು, ಆಡಳಿತ ಮಂಡಳಿಯವರದು ದೊಡ್ಡದು, 97 ಎಲ್ಲಕ್ಕಿಂತ ದೊಡ್ಡದು.

ಈಗ ಎಂಟು ಪುಟಕ್ಕೆ ಬರೋಣ. ಪೀಠಿಕೆ ಭಾರತ ಕೃಷಿಪ್ರಧಾನ ದೇಶ ಎಂಬ ಸುದ್ದಿಯಿಂದ ಶುರುವಾಗಿ ಜನಸಂಖ್ಯೆ, ಹವಾಮಾನ ಬದಲಾವಣೆ, ಕೆರೆಗಳ ಒತ್ತುವರಿ ಎಲ್ಲವನ್ನೂ ಸವರಿಕೊಂಡು ಒಂದೂವರೆ ಪುಟದ ಕೊನೆಗೆ ಸೆನ್ಸರಿಗೆ ಬಂದಿತ್ತು. ನಮ್ಮ ಕಡೆ ಯಕ್ಷಗಾನದ ಒಡ್ಡೋಲಗ ಕೂಡ ಇಷ್ಟು ಹೊತ್ತು ಹಿಡಿಯುವುದಿಲ್ಲ. ಆಮೇಲೆ ಹಿಂದಿನ ಕೆಲಸಗಳ ಸಮೀಕ್ಷೆ: 32 ಪ್ರಬಂಧಗಳು, ತಲಾ ಎರಡು ವಾಕ್ಯ. ಇಂಥವರು ಇಂಥದ್ದನ್ನು ಪ್ರಸ್ತಾಪಿಸಿದ್ದಾರೆ, ಇಂಥವರು ಇಂಥದ್ದನ್ನು ಪ್ರಸ್ತಾಪಿಸಿದ್ದಾರೆ. ಬೀಗರ ಪಟ್ಟಿ ಓದಿದ ಹಾಗೆ. ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯುವುದಿಲ್ಲ. ಆಮೇಲೆ ಬೋರ್ಡಿನ ಫೋಟೊ ಅರ್ಧ ಪುಟ. 'ಆರಂಭ'ದಿಂದ ಹೊರಟು 'ಮುಕ್ತಾಯ'ಕ್ಕೆ ಇಳಿಯುವ ಹರಿವು ನಕ್ಷೆ ಇನ್ನರ್ಧ ಪುಟ. ಸಾರಾಂಶದಲ್ಲಿದ್ದ ಅದೇ ಗ್ರಾಫು, ಈಗ ಎರಡೂ ಕಾಲಮ್ಮಿಗೆ ಹಿಗ್ಗಿಸಿದ್ದು. ಉಪಸಂಹಾರವೆಂದರೆ ಸಾರಾಂಶವನ್ನೇ ಭೂತಕಾಲಕ್ಕೆ ತಿರುಗಿಸಿದ್ದು. ಕೊನೆಗೆ ಮುಂದಿನ ಸಾಧ್ಯತೆಗಳು, ಅದರಲ್ಲಿ ಬ್ಲಾಕ್‌ಚೈನು. ತೆಂಗಿನ ಮರಕ್ಕೆ ಬ್ಲಾಕ್‌ಚೈನ್ ಯಾಕೆ ಎಂದು ನಾನು ಕೇಳಲಿಲ್ಲ. ಮರವೇ ಕೇಳಲಿ.

ಎಲ್ಲ ಅಧ್ಯಾಯಗಳೂ ಕ್ರಮವಾಗಿಯೇ ಇದ್ದವು. ಪೀಠಿಕೆ, ಸಮೀಕ್ಷೆ, ವಿಧಾನ, ಫಲಿತಾಂಶ, ಚರ್ಚೆ, ಉಪಸಂಹಾರ. ಆದರೆ 'ವಿಧಾನ' ಎಂಬ ತಲೆಬರಹದ ಕೆಳಗೆ ಬೋರ್ಡಿನ ಫೋಟೊ ಇತ್ತು, 'ಚರ್ಚೆ' ಎಂಬುದರ ಕೆಳಗೆ "ಮೇಲಿನ ಗ್ರಾಫಿನಿಂದ ಫಲಿತಾಂಶ ಉತ್ತಮವಾಗಿರುವುದು ಕಂಡುಬರುತ್ತದೆ" ಎಂಬ ಒಂಟಿ ವಾಕ್ಯ. ಮನೆಯ ಬಾಗಿಲಿಗೆಲ್ಲ 'ಅಡಿಗೆಮನೆ', 'ದೇವರಮನೆ' ಅಂತ ಬೋರ್ಡು ಹಾಕಿ ಒಳಗೆ ಗೋಡೆ ಕಟ್ಟದೆ ಬಿಟ್ಟಂತೆ.

ನಾನು ಒಂದು ತಪ್ಪು ಮಾಡಿದೆ. ಅವನನ್ನು ಕರೆದು, "ಎಲ್ಲ ಚೆನ್ನಾಗಿದೆಯಪ್ಪಾ, ಈ 24 ಮಾದರಿ ಎಲ್ಲಿಂದ ತಂದೆ?" ಎಂದು ಕೇಳಿದೆ.

"ತಿಪಟೂರು ಕಡೆ ನಮ್ಮ ಮಾವನ ತೋಟದಿಂದ ಸಾರ್."

"ಇಪ್ಪತ್ತನಾಲ್ಕು ಕಡೆ ಅಗೆದೆಯಾ?"

"ಇಲ್ಲ ಸಾರ್. ಒಂದು ಬಕೆಟ್ ತಂದೆ. ಅದಕ್ಕೇ ಸ್ವಲ್ಪ ಸ್ವಲ್ಪ ನೀರು ಹಾಕ್ತಾ 24 ಸಲ ಅಳೆದೆ."

ಅಂದರೆ 24 ಮಾದರಿಯಲ್ಲ, ಒಂದು ಬಕೆಟ್ಟು. ಸಾರಾಂಶದಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಸಾರಾಂಶದ ಸುಖವೇ ಅದು. ಎರಡು ಪುಟದಲ್ಲಿ ಜಾಗವಿಲ್ಲ ಎಂಬ ಒಂದು ನೆಪದ ಹಿಂದೆ ಇಡೀ ಬಕೆಟ್ಟನ್ನು ಬಚ್ಚಿಡಬಹುದು. ವಿಧಾನದ ಅಧ್ಯಾಯ ಬರೆಯಲು ಕೂತಾಗ ಮಾತ್ರ ಅದು ಎದುರಿಗೆ ಬಂದು ಕೂರುತ್ತದೆ. ಯಾವ ಮಣ್ಣು, ಎಷ್ಟು ಆಳದಿಂದ, ಎಷ್ಟು ಕಡೆಯಿಂದ, ಎಷ್ಟು ಸೆನ್ಸರು, ಪ್ರತಿ ಮಟ್ಟದಲ್ಲಿ ಎಷ್ಟು ಸಲ ಓದಿದ್ದು? ಓದಿದವನೊಬ್ಬ ತನ್ನ ಊರಿನಲ್ಲಿ ಅದೇ ಪ್ರಯೋಗವನ್ನು ಮಾಡುವಷ್ಟು ಅಲ್ಲಿ ಬರೆದಿರಬೇಕು. ಸೆನ್ಸರು ಒಂದೇ ಎಂದು ಆಮೇಲೆ ತಿಳಿಯಿತು. ಎರಡನೆಯದನ್ನು ಇಲಿ ಕಡಿದಿತ್ತಂತೆ.

"'ಪ್ರಮಾಣಿತ ವಿಧಾನ' ಅಂತ ಬರೆದಿದ್ದೀಯಲ್ಲ, ಅದು?"

"ಸಿವಿಲ್ ಲ್ಯಾಬಿನ ಓವನ್ನಲ್ಲಿ ಒಣಗಿಸಿದ್ದು ಸಾರ್. 105 ಡಿಗ್ರಿ, 24 ಗಂಟೆ."

ಪುಸ್ತಕದಲ್ಲಿರುವುದೂ ಅದೇ. ಹಸಿ ಮಣ್ಣನ್ನು ಡಬ್ಬಿಸಹಿತ ತೂಗು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡು, ಮತ್ತೆ ತೂಗು, ಕಳೆದದ್ದು ನೀರು. ಸಿವಿಲ್ ಲ್ಯಾಬಿನ ಅಟೆಂಡರ್ ಹತ್ತಿರ ಹೋಗಿ ಸುಮ್ಮನೆ ವಿಚಾರಿಸಿದೆ. "ಐದಕ್ಕೆ ಇಟ್ಟು ಹೋಗ್ತಿದ್ರು ಸಾರ್, ಎಂಟಕ್ಕೆ ವಾಚ್‌ಮನ್ ಮೇನ್ ಆಫ್ ಮಾಡ್ತಾನಲ್ಲ" ಎಂದ. ಇಪ್ಪತ್ತನಾಲ್ಕು ಗಂಟೆಯ ಪ್ರಮಾಣಿತ ವಿಧಾನ ನಮ್ಮಲ್ಲಿ ಮೂರು ಗಂಟೆ ಉರಿದು ಇಪ್ಪತ್ತೊಂದು ಗಂಟೆ ತಣ್ಣಗಾಗುತ್ತಿತ್ತು. ಇದನ್ನು ಪತ್ತೆ ಹಚ್ಚಲು ಪತ್ತೇದಾರ ಬೇಕಿಲ್ಲ. ಒಣಗಿತು ಎಂದುಕೊಂಡ ಡಬ್ಬಿಯನ್ನು ಇನ್ನೊಂದೆರಡು ಗಂಟೆ ಒಳಗಿಟ್ಟು ಮತ್ತೆ ತೂಗಿದರೆ ಸಾಕು. ತೂಕ ಇನ್ನೂ ಇಳಿದರೆ ಮಣ್ಣಿನಲ್ಲಿ ನೀರು ಉಳಿದಿದೆ, ನಿಂತರೆ ಮುಗಿದಿದೆ. ನಾವು ಹಾಗೆ ಮಾಡಿದೆವು. ಒಂದು ಡಬ್ಬಿಯ ತೂಕ ಎಂಟು ಗ್ರಾಂ ಇಳಿಯಿತು, ಹುಡುಗನ ಮುಖವೂ ಅಷ್ಟೇ ಇಳಿಯಿತು.

ಸರಿ, ಸರಿಯಾಗಿ ಒಣಗಿಸಿದೆವು. ಖಾಲಿ ಡಬ್ಬಿ 30 ಗ್ರಾಂ, ಹಸಿ ಮಣ್ಣು ಸೇರಿ 172, ಒಣಗಿದ ಮೇಲೆ 148. ಅಂದರೆ ಒಣ ಮಣ್ಣು 118 ಗ್ರಾಂ, ನೀರು 24 ಗ್ರಾಂ. ತೇವ ಎಷ್ಟು ಎಂದು ಕೇಳಿದೆ.

"ಇಪ್ಪತ್ತು ಪರ್ಸೆಂಟ್ ಸಾರ್."

24ನ್ನು ಒಣ ಮಣ್ಣಿನ 118ರಿಂದ ಭಾಗಿಸಿದರೆ ಶೇ 20 ಬರುತ್ತದೆ, ನಿಜ. ಹಸಿ ಮಣ್ಣಿನ 142ರಿಂದ ಭಾಗಿಸಿದರೆ ಶೇ 17. ಡಬ್ಬಿಗೆ ಹಾಕುವ ಮೊದಲು ಆ ಮಣ್ಣು ತುಂಬಿದ್ದ ಉಂಗುರದ ಗಾತ್ರ 100 ಘನ ಸೆಂಟಿಮೀಟರ್, ಆ ಗಾತ್ರದಲ್ಲಿ ನೀರಿನ ಪಾಲು ಎಷ್ಟೆಂದು ಕೇಳಿದರೆ ಶೇ 24. ಮೇಜಿನ ಮೇಲಿದ್ದದ್ದು ಒಂದೇ ಹಿಡಿ ಮಣ್ಣು, ನಮ್ಮ ಕೈಯಲ್ಲಿ ಮೂರು ತೇವ. ಸಾರಾಂಶದಲ್ಲಿ 'ತೇವಾಂಶ' ಎಂದಷ್ಟೇ ಇತ್ತು, ಯಾವುದರ ಲೆಕ್ಕದಲ್ಲಿ ಎಂಬುದಿರಲಿಲ್ಲ. ಚುಚ್ಚಿದ ಪಟ್ಟಿಗೆ ಗೊತ್ತಾಗುವುದು ಗಾತ್ರದ ಪಾಲು, ಯಾಕೆಂದರೆ ಅದು ತನ್ನ ಸುತ್ತಲ ಜಾಗವನ್ನು ನೋಡುತ್ತದೆ, ತಕ್ಕಡಿಯನ್ನಲ್ಲ. ಹುಡುಗ ಅದನ್ನು ತೂಕದ ಪಾಲಿಗೆ ಹೋಲಿಸಿದ್ದ. ಬಕೆಟ್ಟಿನಲ್ಲಿ ಮಣ್ಣು ಒಂದೇ ಒತ್ತಿನಲ್ಲಿದ್ದಷ್ಟು ದಿನ ಈ ತಪ್ಪು ತೆಪ್ಪಗಿರುತ್ತದೆ. ತೋಟದಲ್ಲಿ ಎಮ್ಮೆ ತುಳಿದ ಜಾಗಕ್ಕೆ ಹೋದ ದಿನ ಬಾಯಿ ಬಿಡುತ್ತದೆ.

ಹುಡುಗ ಇಷ್ಟಕ್ಕೆಲ್ಲ ಸೋಲುವವನಲ್ಲ. "ಸಿ.ವಿ. ರಾಮನ್ ಕೂಡ ಚಿಕ್ಕದಾಗೇ ಬರೆದಿದ್ದಲ್ವಾ ಸಾರ್? ಇಷ್ಟೆಲ್ಲ ಅದರಲ್ಲಿತ್ತಾ?" ಎಂದ. ಇಂಥ ಮಾತಿಗೆ ಉತ್ತರ ಕೊಡಬಾರದು, ಓದಿಸಬೇಕು. 1928ರಲ್ಲಿ ರಾಮನ್ ಮತ್ತು ಕೃಷ್ಣನ್ 'ನೇಚರ್' ಪತ್ರಿಕೆಗೆ ಬರೆದ ಟಿಪ್ಪಣಿ ಒಂದು ಪುಟವನ್ನೂ ತುಂಬುವುದಿಲ್ಲ. ಆದರೆ ಸೂರ್ಯನ ಬೆಳಕನ್ನು ಕೂಡಿಸಿದ ಮಸೂರದ ಅಗಲ 18 ಸೆಂಟಿಮೀಟರ್, ಅದರ ನಾಭಿದೂರ 230 ಸೆಂಟಿಮೀಟರ್ ಎಂಬುದು ಅದರಲ್ಲಿದೆ. ಸುಮಾರು ಅರವತ್ತು ದ್ರವಗಳನ್ನು ನೋಡಿದೆವು ಎಂಬುದಿದೆ. ಇದು ಮಾಮೂಲಿ ಪ್ರತಿದೀಪ್ತಿ ಇರಬಹುದಲ್ಲ ಎಂದು ಯಾರಾದರೂ ಕೇಳಿಯಾರು ಎಂದುಕೊಂಡು, ಅದು ಯಾಕಲ್ಲ ಎಂಬುದನ್ನೂ ಅಲ್ಲೇ ಹೇಳಿದ್ದಾರೆ. ಅರವತ್ತು ದ್ರವ, ಕಣಪ್ಪಾ. ಒಂದು ಬಕೆಟ್ ನೀರಿಗೆ ಅರವತ್ತು ಸಲ ಸಕ್ಕರೆ ಹಾಕಿದ್ದಲ್ಲ.

ಅದೇ ವರ್ಷ ಮಾರ್ಚ್ 16ರಂದು ರಾಮನ್ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ಇದೇ ವಿಷಯದ ಮೇಲೆ ದೊಡ್ಡ ಉಪನ್ಯಾಸ ಕೊಟ್ಟರು. ಆಮೇಲೆ ಅದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಯಿತು. ಅಲ್ಲಿ ಉದ್ದವಾದದ್ದು ಪೀಠಿಕೆಯಲ್ಲ. ಸೂರ್ಯನ ಜಾಗಕ್ಕೆ ಪಾದರಸದ ದೀಪ ಬಂದಿತ್ತು, ಹೊಸ ರೋಹಿತದ ರೇಖೆಗಳು ಬಂದಿದ್ದವು. ಟಿಪ್ಪಣಿ ಹಿಗ್ಗಿದ್ದು ಹೊಸ ಕೆಲಸದಿಂದ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಡೆಡ್‌ಲೈನ್ ಇದೆ ಸಾರ್" ಎಂದ.

ಸಮ್ಮೇಳನದವರಿಗೆ ಪತ್ರ ಬರೆದು ಮೂರು ವಾರ ಕೇಳಿಕೊಂಡೆವು. ಅವರು ಕೊಟ್ಟರು. ಶುಲ್ಕ ಕಟ್ಟಿದವರಿಗೆ ಸಮ್ಮೇಳನಗಳು ಬಹಳ ಉದಾರ.

ಓದುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ ಎಂಬುದನ್ನು ಮೂವತ್ತು ವರ್ಷದಲ್ಲಿ ಯಾರೂ ನಮಗೆ ಹೇಳಿಕೊಟ್ಟಿಲ್ಲ. ಓದುಗನಿಗೆ ಮೊದಲು ಕಾಣುವುದು ಶೀರ್ಷಿಕೆ, ಸಾರಾಂಶ, ಪೀಠಿಕೆ. ನಾವೂ ಅಲ್ಲಿಂದಲೇ ಬರೆಯಲು ಕೂರುತ್ತೇವೆ, ಅಲ್ಲಿಯೇ ನೀರು ತುಂಬುತ್ತೇವೆ. ಈ ಸಲ ಅದನ್ನೆಲ್ಲ ಮುಚ್ಚಿಟ್ಟು ವಿಧಾನದಿಂದ ಶುರು ಮಾಡಿಸಿದೆ. ತೋಟದ ಕೆಂಪು ಮಣ್ಣು, ಹಿರಿಯೂರು ಕಡೆಯಿಂದ ತಂದ ಎರೆಮಣ್ಣು, ಕೆರೆ ಕೋಡಿಯ ಮರಳು ಮಣ್ಣು. ಮೂರು ಸೆನ್ಸರು. ಪ್ರತಿ ಮಣ್ಣಿಗೂ ಎಂಟೆಂಟು ತೇವದ ಮಟ್ಟ. ಒಟ್ಟು 72 ಓದು. ವಾಚ್‌ಮನ್‌ಗೆ ಕಾಫಿ ಕುಡಿಸಿ ಮೇನ್ ಸ್ವಿಚ್ಚಿನ ಕೆಳಗೆ 'ಮಣ್ಣು ಬೇಯುತ್ತಿದೆ, ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದೆವು. ಊಟಕ್ಕೆ ಯಾವ ಸಾರು ಎಂದು ಅವನು ಎರಡು ದಿನ ವಿಚಾರಿಸಿದ.

ಎರಡನೆಯ ದಿನ ಒಂದು ಸೆನ್ಸರು ವಿಚಿತ್ರವಾಗಿ ಆಡಿತು. ಮಣ್ಣು ಒಣಗುತ್ತಿದ್ದರೂ ಅದು ಮಾತ್ರ ತೇವ ಏರುತ್ತಿದೆ ಎನ್ನುತ್ತಿತ್ತು. ಬಿಡಿಸಿ ನೋಡಿದರೆ ಪಟ್ಟಿಯ ಕತ್ತರಿಸಿದ ಅಂಚಿಗೆ ಲೇಪವಿರಲಿಲ್ಲ, ಅಲ್ಲಿಂದ ನೀರು ಒಳಗೆ ಹೀರಿಕೊಂಡಿತ್ತು. ಈ ಅಗ್ಗದ ಪಟ್ಟಿಗಳ ಹಳೆಯ ರೋಗವದು. ಹುಡುಗ ಮನೆಗೆ ಹೋಗಿ ಹೆಂಡತಿಯ ನೈಲ್ ಪಾಲಿಶ್ ತಂದು ಮೂರರ ಅಂಚಿಗೂ ಬಳಿದ. ವಿಧಾನದಲ್ಲಿ ಅದನ್ನೂ ಬರೆ ಎಂದೆ. ಅವನಿಗೆ ನಾಚಿಕೆ. ಮುಖ್ಯಸ್ಥರು ಇಣುಕಿ ನೋಡಿ, "'ಪಾಲಿಮರ್ ಆಧಾರಿತ ರಕ್ಷಣಾ ಲೇಪನ' ಅಂತ ಹಾಕ್ರಿ" ಎಂದರು. ಕೊನೆಗೆ ನೈಲ್ ಪಾಲಿಶ್ ಎಂದೇ ಉಳಿಯಿತು. ಇಡೀ ಪ್ರಬಂಧದಲ್ಲಿ ಇನ್ನೊಬ್ಬರಿಗೆ ನೇರವಾಗಿ ಉಪಯೋಗಕ್ಕೆ ಬರುವ ಪದ ಅದೊಂದೇ ಇರಬಹುದು.

ಈಗ ಆ 97. ಅದು ಎಲ್ಲಿಂದ ಬಂತು ಎಂದರೆ, ಎಕ್ಸೆಲ್‌ನಲ್ಲಿ ಚುಕ್ಕಿಗಳ ನಡುವೆ ಗೆರೆ ಎಳೆಸಿದಾಗ ಪಕ್ಕದಲ್ಲಿ `R² = 0.97` ಎಂದು ಮೂಡಿತ್ತು. ಅದಕ್ಕೊಂದು ಶೇಕಡಾ ಚಿಹ್ನೆ ಹಚ್ಚಿ 'ನಿಖರತೆ' ಎಂದು ನಾಮಕರಣ ಮಾಡಲಾಗಿತ್ತು. ಆ ಸಂಖ್ಯೆ ಹೇಳುವುದು ಚುಕ್ಕಿಗಳು ಗೆರೆಗೆ ಎಷ್ಟು ಅಂಟಿಕೊಂಡಿವೆ ಎಂದಷ್ಟೇ; ಗೆರೆ ಎಳೆದದ್ದೂ ಅವೇ ಚುಕ್ಕಿಗಳಿಂದ. ಗಿರಾಕಿಯ ಅಳತೆ ತಗೊಂಡು ಅಂಗಿ ಹೊಲಿದು, ಅವನ ಮೈಗೇ ಹಾಕಿ, ನೋಡಿ ಎಷ್ಟು ಸರಿಯಾಗಿದೆ ಎಂದು ದರ್ಜಿ ಬೀಗಿದಂತೆ. ಅದೇ ಅಳತೆಯಲ್ಲಿ ಊರಿಗೆಲ್ಲ ಅಂಗಿ ಹೊಲಿಯುತ್ತೇನೆ ಎನ್ನುವವನು ಪಕ್ಕದ ಮನೆಯವನಿಗೂ ಒಮ್ಮೆ ತೊಡಿಸಿ ನೋಡಬೇಕು. ರೈತನಿಗೆ ಬೇಕಾದದ್ದು ಇನ್ನೂ ಸರಳ: ಯಂತ್ರ 24 ಎಂದರೆ ನಿಜದಲ್ಲಿ ಎಷ್ಟರಿಂದ ಎಷ್ಟರವರೆಗೆ?

ತೊಡಿಸಿ ನೋಡಿದೆವು. ಕೆಂಪು ಮಣ್ಣಿನಲ್ಲಿ ಹೊಂದಿಸಿ ಕೆಂಪು ಮಣ್ಣಿನ ಬೇರೆ ಗುಂಡಿಯಲ್ಲಿ ಅಳೆದರೆ ತಪ್ಪು ಸುಮಾರು ಮೂರು ಅಂಶ. 24 ಎಂದರೆ 21ರಿಂದ 27. ಪರವಾಗಿಲ್ಲ, ನೀರು ಬಿಡಲು ಸಾಕು. ಅದೇ ಹೊಂದಿಕೆಯನ್ನು ಎರೆಮಣ್ಣಿಗೆ ಒಯ್ದರೆ ತಪ್ಪು ಒಂಬತ್ತು ಅಂಶ, ಅದೂ ಒಂದೇ ಕಡೆಗೆ: ಇದ್ದದ್ದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಅಂದರೆ ಎರೆಭೂಮಿಯ ರೈತ ಇದನ್ನು ನಂಬಿದರೆ ಯಂತ್ರ "ಇನ್ನೂ ನೀರಿದೆ ಸ್ವಾಮಿ" ಎನ್ನುತ್ತಿರುವಾಗಲೇ ಪೈರು ಬಾಡುತ್ತಿರುತ್ತದೆ. ಫಲಿತಾಂಶದ ಅಧ್ಯಾಯದಲ್ಲಿ ಇಷ್ಟೇ ಇರಬೇಕು, ಕಂಡದ್ದು ಕಂಡ ಹಾಗೆ. ಯಾಕೆ ಎಂಬುದು ಚರ್ಚೆಯ ಪಾಲು. ಅಗ್ಗದ ಪಟ್ಟಿಗಳು ಕಡಿಮೆ ಆವರ್ತನದಲ್ಲಿ ಕೆಲಸ ಮಾಡುತ್ತವೆ, ಅಲ್ಲಿ ಜೇಡಿ ಮತ್ತು ಗೊಬ್ಬರದ ಉಪ್ಪಿನಿಂದ ಹರಿಯುವ ವಿದ್ಯುತ್ತನ್ನೂ ಅವು ನೀರು ಎಂದೇ ಎಣಿಸಿಬಿಡುತ್ತವೆ. ನಮಗೆ ಸಿಕ್ಕ ತಪ್ಪಿನ ದಿಕ್ಕು ಅದಕ್ಕೆ ಹೊಂದುತ್ತದೆ. ಆದರೆ ನಾವು ಉಪ್ಪನ್ನು ಪ್ರತ್ಯೇಕವಾಗಿ ಅಳೆದಿಲ್ಲ, ಹಾಗಾಗಿ 'ಇರಬಹುದು' ಎಂದೇ ಬರೆಸಿದೆ. ಹುಡುಗನಿಗೆ 'ಇರಬಹುದು' ಎಂಬ ಪದ ಬರೆಯಲು ಅರ್ಧ ದಿನ ಹಿಡಿಯಿತು. 'ಸಾಬೀತಾಗಿದೆ' ಅಭ್ಯಾಸವಾದ ಕೈ ಅದು.

ಇದಾದ ಮೇಲೆ ಪೀಠಿಕೆ ತಾನಾಗಿ ಚಿಕ್ಕದಾಯಿತು. ಈ ಪಟ್ಟಿಗಳನ್ನು ಜನ ಬಳಸುತ್ತಿದ್ದಾರೆ, ಒಂದು ಮಣ್ಣಿನ ಹೊಂದಿಕೆಯನ್ನು ಇನ್ನೊಂದಕ್ಕೆ ಒಯ್ದರೆ ಎಷ್ಟು ತಪ್ಪುತ್ತದೆ ಎಂಬುದು ಪ್ರಶ್ನೆ, ನಾವು ಮೂರು ಮಣ್ಣಿನಲ್ಲಿ ನೋಡಿದೆವು. ಕೃಷಿಪ್ರಧಾನ ದೇಶ ಬಿದ್ದುಹೋಯಿತು. 32 ಬೀಗರಲ್ಲಿ 11 ಮಂದಿ ಉಳಿದರು, ನಿಜವಾಗಿ ಸಂಬಂಧಿಕರು ಅಷ್ಟೇ ಇದ್ದದ್ದು. ಬ್ಲಾಕ್‌ಚೈನನ್ನು ಯಾರೂ ಕೇಳಲಿಲ್ಲ.

ಒಂದು ತೊಡಕು ಉಳಿದಿತ್ತು. ಹಳೆಯ ಸಾರಾಂಶ ಆಗಲೇ ಸಾರಾಂಶಗಳ ಪುಸ್ತಕದಲ್ಲಿ ಅಚ್ಚಾಗಿತ್ತು, ಹಾಗಾಗಿ ತಂತ್ರಾಂಶ ಹುಡುಗನನ್ನು ಅವನಿಂದಲೇ ಕದ್ದ ಕಳ್ಳ ಎಂದು ಹಿಡಿಯಿತು. 2018ರ ಯುಜಿಸಿ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಹದಿನಾಲ್ಕು ಪದದವರೆಗಿನ ಸಾಮಾನ್ಯ ಮಾತುಗಳನ್ನು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಈ ಹದಿನಾಲ್ಕು ನಮ್ಮ ಸ್ಟಾಫ್‌ರೂಮಿನಲ್ಲಿ ಒಂದು ಕಸುಬನ್ನೇ ಹುಟ್ಟುಹಾಕಿದೆ: ಹದಿನೈದನೆಯ ಪದ ಬದಲಿಸುವುದು. 'ನೀರು' ಇದ್ದಲ್ಲಿ 'ಜಲ', 'ಜಲ' ಇದ್ದಲ್ಲಿ 'ಉದಕ'. ಹುಡುಗನೂ ಶುರು ಮಾಡಿದ್ದ. ನಾನು ತಡೆದು ಪೀಠಿಕೆಯ ಕೊನೆಗೆ ಎರಡು ವಾಕ್ಯ ಬರೆಸಿದೆ: ಇದರ ಮೊದಲ ರೂಪ ಇಂಥ ಕಡೆ ಸಾರಾಂಶವಾಗಿ ಬಂದಿದೆ, ಎರಡು ಮಣ್ಣು, ಎರಡು ಸೆನ್ಸರು ಮತ್ತು ಮಣ್ಣಿಂದ ಮಣ್ಣಿಗಿನ ಪರೀಕ್ಷೆ ಇಲ್ಲಿ ಹೊಸದು, ಅಲ್ಲಿ ಹೇಳಿದ ಶೇ 97ನ್ನು ನಿಖರತೆ ಎಂದು ಓದಬಾರದು. ಎರಡನೆಯ ವಾಕ್ಯದ ಉತ್ತರಾರ್ಧವನ್ನು ಮುಖ್ಯಸ್ಥರು ಓದಲಿಲ್ಲವೆಂಬುದೇ ನಮ್ಮ ಪುಣ್ಯ.

ಎಲ್ಲ ಮುಗಿದ ಮೇಲೆ ಸಾರಾಂಶವನ್ನು ಹೊಸದಾಗಿ ಬರೆದೆವು. ಅದರಲ್ಲಿ 97 ಇಲ್ಲ, ಮೂರು ಅಂಶ ಮತ್ತು ಒಂಬತ್ತು ಅಂಶ ಇವೆ. ಶೀರ್ಷಿಕೆಯಲ್ಲಿದ್ದ 'ಸ್ಮಾರ್ಟ್', 'ಕ್ರಾಂತಿಕಾರಿ' ಹೋದವು. ಕೆಲಸ ಹಿಗ್ಗುತ್ತಾ ಹೋದಂತೆ ಹೇಳಿಕೆ ಕುಗ್ಗುತ್ತಾ ಬಂದಿತ್ತು. ಮುಖ್ಯಸ್ಥರು ಎಣಿಸಿದರು. "ನಾಲ್ಕೂಮುಕ್ಕಾಲು! ಮೊದಲು ಎಂಟು ಇತ್ತಲ್ರೀ? ತಿದ್ದೋಕೆ ಕೊಟ್ರೆ ತಿಂದುಬಿಟ್ರಾ?" ಎಂದರು. ಆರು ಪುಟಕ್ಕೆ ಒಂದೂಕಾಲು ಪುಟ ಕಡಿಮೆ. ಕೊನೆಗೆ ಆ 72 ಓದುಗಳ ಪಟ್ಟಿಯನ್ನೇ, ಡಬ್ಬಿಯ ತೂಕಗಳ ಸಹಿತ, ಅನುಬಂಧವಾಗಿ ಸೇರಿಸಿದೆವು. ಸರಿಯಾಗಿ ಆರು ಪುಟ. "ಈ ಟೇಬಲ್ಲು ಮೊದಲೇ ಹಾಕೋಕೇನಾಗಿತ್ತು?" ಎಂದು ಮುಖ್ಯಸ್ಥರು ಹುಡುಗನ ಬೆನ್ನು ತಟ್ಟಿದರು. ಮೊದಲು ಅದು ಇರಲಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ, ನಾನು ಕಾಲು ತುಳಿದೆ.

ವಿಮರ್ಶಕರ ಅಭಿಪ್ರಾಯ ಬಂತು. ಒಬ್ಬರು ಚೆನ್ನಾಗಿದೆ ಎಂದರು. ಇನ್ನೊಬ್ಬರು ಅನುಬಂಧ ತೆಗೆದು, ಭಾರತದ ಕೃಷಿಯ ಮಹತ್ವವನ್ನು ಪೀಠಿಕೆಯಲ್ಲಿ ವಿವರಿಸಿ ಎಂದರು.

ಗೇಟಿನ ಫ್ಲೆಕ್ಸನ್ನು ಯಾರೂ ಬದಲಿಸಲಿಲ್ಲ. ಜೂನ್ ಗಾಳಿಗೆ ಅದೇ ಹರಿದು ಬಿತ್ತು. ಹುಡುಗ ಅದನ್ನು ಎತ್ತಿಕೊಂಡು ಬಂದು ಲ್ಯಾಬಿನ ಹಿಂದಿನ ಜಗಲಿಯಲ್ಲಿಟ್ಟಿದ್ದ ಎರೆಮಣ್ಣಿನ ಬಕೆಟ್ಟಿಗೆ ಮಳೆ ಬೀಳದ ಹಾಗೆ ಹೊದಿಸಿ ದಾರ ಕಟ್ಟಿದ್ದಾನೆ. 97 ಒಳಮುಖವಾಗಿದೆ.